ಬೆಳ್ಳುಳ್ಳಿ ಇದೆ ಎಂದು ಬರೆಯದ ಉಪ್ಪಿನಕಾಯಿ

ನನ್ನ ಉಪ್ಪಿನಕಾಯಿಯ ಬಗ್ಗೆ ನನಗೆಂದೂ ಅನುಮಾನವಿರಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಭರಣಿ ನಮ್ಮಲ್ಲಿಂದಲೇ ಹೋಗುತ್ತಿತ್ತು. ಹಾಗಾಗಿ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಫೋನಿನಲ್ಲಿ ವ್ಯಾಪಾರ ಶುರುಮಾಡಿದಾಗ, ಚಾಟ್ ಆ್ಯಪಿನಲ್ಲಿ ಮಾರುವ ವಸ್ತುಗಳನ್ನು ತೋರಿಸುವ ಕ್ಯಾಟಲಾಗಿಗೆ ಒಂದು ಚೆಂದದ ಫೋಟೊ ಹಾಕಿ ಕೆಳಗೆ ಬರೆದೆ: ‘ಮನೆಯ ಮಾವಿನ ಉಪ್ಪಿನಕಾಯಿ. ಬಾಯಲ್ಲಿ ನೀರೂರಿಸುವ ರುಚಿ. ಒಂದು ಬಾಟಲಿಗೆ ೧೭೦ ರೂಪಾಯಿ.’ ಇಷ್ಟು ಸಾಕು ಅನ್ನಿಸಿತ್ತು.

ಜಮಖಂಡಿಯಿಂದ ಆರು ಬಾಟಲಿಗೆ ಆರ್ಡರ್ ಬಂತು. ಮೊಮ್ಮಗನ ಮುಂಜಿವೆಗೆ ಬೇಕಂತೆ. ಬಸ್ಸಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿದೆವು. ಅದೇ ಸಂಜೆ ಫೋನ್ ಬಂತು. ವಯಸ್ಸಾದ ಹೆಣ್ಣುಮಗಳ ದನಿ.

“ತಂಗೀ, ಬಾಟ್ಲಿ ತೆಗದ ಕೂಡ್ಲೆ ಬಳ್ಳೊಳ್ಳಿ ವಾಸನಿ ಬಂತು. ನಮ್ಮನ್ಯಾಗ ಬಳ್ಳೊಳ್ಳಿ ಒಳಗ ತರೂದಿಲ್ಲ. ನೀ ಎಲ್ಲೂ ಬರ್ದೇ ಇಲ್ಲಲಾ.”

ನಮ್ಮಲ್ಲಿ ಎರಡು ಭರಣಿಗಳಿದ್ದವು. ಅತ್ತೆಯವರ ವ್ರತದ ದಿನಗಳಿಗೆಂದು ಬೆಳ್ಳುಳ್ಳಿ ಇಲ್ಲದ್ದು ಒಂದು. ಕೇಳಿದ್ದರೆ ಅದನ್ನೇ ಕಳಿಸುತ್ತಿದ್ದೆ. ಆದರೆ ಕೇಳಬೇಕಾದವರು ಅವರಲ್ಲ, ಹೇಳಬೇಕಾದವಳು ನಾನು.

ಮುಂಜಿವೆಗೆ ಇನ್ನೂ ಎರಡು ದಿನವಿತ್ತು. ಮರುದಿನ ಬೆಳಿಗ್ಗೆ ಬೆಳ್ಳುಳ್ಳಿ ಇಲ್ಲದ ಆರು ಬಾಟಲಿ ಚೀಲಕ್ಕೆ ಹಾಕಿಕೊಂಡು ನಾನೇ ಬಸ್ ಹತ್ತಿದೆ. ಬಾಗಿಲಲ್ಲಿ ಬೈಗುಳ ಕಾದಿದೆ ಅಂದುಕೊಂಡಿದ್ದೆ. ಆ ತಾಯಿ ಹಳೆಯ ಬಾಟಲಿಗಳನ್ನು ಹಿತ್ತಲಲ್ಲಿ ಸಾಲಾಗಿ ಇಟ್ಟಿದ್ದರು. ಹೊಸದನ್ನು ಮೂಗಿಗೆ ಹಿಡಿದು ನೋಡಿ, ಚಹಾ ಕೊಟ್ಟರು.

“ಛಲೋ ಮಾಡೀದಿ. ಖರೆ, ಹೊರಗಿನವರಿಗೆ ಇದೆಲ್ಲಾ ಹೆಂಗ ಗೊತ್ತಾಗಬೇಕು? ನಾ ನಿನ್ನ ಎಂದೂ ಕಂಡವಳಲ್ಲ ಅಂತ ತಿಳ್ಕೊಂಡು ಹೇಳು. ಒಂದ ಬಾಟ್ಲ್ಯಾಗ ಎಷ್ಟದ?”

“ಅರ್ಧ ಕಿಲೋ ರೀ ಬಾಯಾರ.”

“ಬಾಟ್ಲಿ ಸೇರ್ಸಿ ತೂಗೀಯೋ, ಬಿಟ್ಟು ತೂಗೀಯೋ?”

ನಾನು ಸೇರಿಸಿಯೇ ತೂಗಿದ್ದೆ. ಹೊಸದೊಂದು ಬಾಟಲಿಯ ಉಪ್ಪಿನಕಾಯಿಯನ್ನು ಅವರ ಭರಣಿಗೆ ಸುರಿದು, ಖಾಲಿ ಬಾಟಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆವು, ನೂರೈವತ್ತು ಗ್ರಾಂ. ಒಳಗಿದ್ದದ್ದು ಮುನ್ನೂರೈವತ್ತೇ. ಮೋಸದ ಉದ್ದೇಶ ಇರಲಿಲ್ಲ, ಆದರೂ ಕಿವಿ ಬಿಸಿಯಾದವು. ಅವರು ನಕ್ಕರು. “ಈಗ ಗೊತ್ತಾತಲಾ, ಬರದಬಿಡು.”

ಬನಹಟ್ಟಿಗೆ ಮರಳಿ, ಓಣಿಯ ಮಗ್ಗಗಳ ಸದ್ದಿನ ನಡುವೆಯೇ ಅಡುಗೆಮನೆಯಲ್ಲಿ ಕುಳಿತು ಎಲ್ಲವನ್ನೂ ಹೊಸದಾಗಿ ಬರೆದೆ. ಒಂದೇ ವಸ್ತುವನ್ನು ಎರಡಾಗಿ ಮಾಡಿದೆ: ಬೆಳ್ಳುಳ್ಳಿ ಇರುವುದು, ಬೆಳ್ಳುಳ್ಳಿ ಇಲ್ಲದ್ದು. ಹೆಸರಿನಲ್ಲೇ ಅದು ಕಾಣಬೇಕು. ಇಂಗಿನ ಡಬ್ಬಿ ತಿರುಗಿಸಿ ಓದಿದೆ. ಅದರಲ್ಲಿ ಗೋಧಿ ಹಿಟ್ಟೂ ಇದೆ ಎಂಬುದು ನನಗೇ ಹೊಸದು. ಅದನ್ನೂ ಸೇರಿಸಿದೆ.

ನೆಗೆಣ್ಣಿಗೆ ತೂಕದ ಸಾಲು ಹಿಡಿಸಲಿಲ್ಲ. “ಅಕ್ಕಾ, ಮುನ್ನೂರೈವತ್ತ ಅಂತ ಬರದ್ರ ಯಾರ ತಗೋತಾರ? ಬಾಟ್ಲಿ ಅಂತಷ್ಟ ಬರಿ, ಸಾಕು.”

“ತೂಕ ಕಡಿಮಿ ಕಂಡ್ರ ಕಾಣ್ಲಿ ಬಿಡು. ಮನಿಗೆ ಹೋದಮ್ಯಾಲ ಕಡಿಮಿ ಕಾಣಬಾರ್ದು,” ಅಂದೆ. ಅವಳು ಸ್ವಲ್ಪ ಹೊತ್ತು ಮುಖ ದಪ್ಪ ಮಾಡಿಕೊಂಡಳು. ಆಮೇಲೆ ಫೋನ್ ಕಸಿದುಕೊಂಡು, ತಲುಪಿಸುವ ವಿಷಯ ತಾನೇ ಹೇಳತೊಡಗಿದಳು. ಆ ಲೆಕ್ಕ ಅವಳಿಗೇ ಚೆನ್ನಾಗಿ ಗೊತ್ತು, ಸ್ಕೂಟಿ ಓಡಿಸುವವಳು ಅವಳೇ.

ಬೆಲೆಯನ್ನು ಅದಕ್ಕೆಂದೇ ಇರುವ ಜಾಗದಲ್ಲಿ ೧೭೦ ಎಂದು ಹಾಕಿದೆವು. ಬೆಳ್ಳುಳ್ಳಿ ಇಲ್ಲದ್ದರ ವಿವರಣೆ ಹೀಗಾಯಿತು: ‘ಬೆಳ್ಳುಳ್ಳಿ ಇಲ್ಲ. ನಿವ್ವಳ ತೂಕ ೩೫೦ ಗ್ರಾಂ, ಬಾಟಲಿ ಬಿಟ್ಟು. ಮಾವಿನಕಾಯಿ, ಶೇಂಗಾ ಎಣ್ಣೆ, ಉಪ್ಪು, ಖಾರದ ಪುಡಿ, ಸಾಸಿವೆ, ಮೆಂತ್ಯ, ಅರಿಶಿನ, ಇಂಗು (ಗೋಧಿ ಹಿಟ್ಟು ಸೇರಿದೆ). ರಬಕವಿ-ಬನಹಟ್ಟಿಯಲ್ಲಿ ಮನೆಗೆ ತಲುಪಿಸಲು ಬೇರೆ ಹಣ ಕೊಡಬೇಕಿಲ್ಲ. ಜಮಖಂಡಿ, ಮುಧೋಳಕ್ಕೆ ಬುಧವಾರ ಮತ್ತು ಶನಿವಾರ, ಒಂದು ಆರ್ಡರಿಗೆ ೪೦ ರೂಪಾಯಿ. ಬೇರೆ ಊರಿಗೆ ಕೊರಿಯರ್. ಖರ್ಚು ಮೊದಲೇ ತಿಳಿಸುತ್ತೇವೆ.’

ಬಾಯಲ್ಲಿ ನೀರೂರುವ ಸಾಲನ್ನು ತೆಗೆದುಹಾಕಿದೆ. ಫೋಟೊ ಸಾಕಷ್ಟು ಹೇಳುತ್ತಿತ್ತು.

ಅಲ್ಲಿಯವರೆಗೆ ದಿನವೆಲ್ಲ ‘ಕಳಸೂದಕ್ಕ ಎಷ್ಟ್ರಿ?’, ‘ಎಷ್ಟ ಗ್ರಾಂ?’, ‘ಮುಧೋಳಕ್ಕ ಕಳಸ್ತೀರೇನ್ರಿ?’ ಎಂಬ ಪ್ರಶ್ನೆಗಳೇ. ಮುಂದಿನ ವಾರ ಗೊತ್ತಿಲ್ಲದವರೊಬ್ಬರು ಮುಧೋಳದಿಂದ ಒಂದೇ ಸಂದೇಶ ಕಳಿಸಿದರು: ‘ಬೆಳ್ಳುಳ್ಳಿ ಇಲ್ಲದ್ದು ಎರಡು, ಇದ್ದದ್ದು ಒಂದು. ಶನಿವಾರ ಬರಲಿ.’ ಕೆಳಗೆ ವಿಳಾಸ. ಒಂದು ಪ್ರಶ್ನೆಯೂ ಇಲ್ಲ. ನೆಗೆಣ್ಣಿ ಅದನ್ನು ಎರಡು ಸಲ ಜೋರಾಗಿ ಓದಿ, ಶನಿವಾರಕ್ಕೆ ಸ್ಕೂಟಿಗೆ ಪೆಟ್ರೋಲ್ ಹಾಕಿಸಲು ಹೊರಟಳು. ನಾನು ನಿಂಬೆಕಾಯಿ ಉಪ್ಪಿನಕಾಯಿಯ ವಿವರ ಬರೆಯಲು ಕುಳಿತೆ. ಮೊದಲು ಖಾಲಿ ಬಾಟಲಿಯನ್ನು ತೂಗಿದೆ.