ನಕ್ಷತ್ರ ಹಾಕಿದ ಮೀನು

ಮುದ್ರಣಾಲಯದಲ್ಲಿ ಹೋಟೆಲುಗಳ ಮೆನು ಕಾರ್ಡಿಗೆ ಅಕ್ಷರ ಜೋಡಿಸುವ ಆ ಹೆಂಗಸನ್ನು ಬಂಧುಬಳಗದವರೆಲ್ಲ ‘ಮೆನು ಅಕ್ಕ’ ಎನ್ನುತ್ತಿದ್ದರು. ಯಾರೇ ಹೊರಗೆ ಊಟಕ್ಕೆ ಕೂತರೂ ಮೆನುವಿನ ಫೋಟೋ ಹೊಡೆದು ಅವಳಿಗೆ ಕಳಿಸುವುದು, ಕೆಳಗೆ ‘ಏನು ತಗೊಳ್ಳಲಿ?’ ಎಂದು ಒಂದು ಸಾಲು. ಎಷ್ಟು ಜನ, ಎಷ್ಟು ಹಸಿವು, ಯಾವುದು ಒಗ್ಗುವುದಿಲ್ಲ, ಊಹೂಂ, ಒಂದಕ್ಷರ ಇಲ್ಲ. ಇವಳೇನು ಕಣಿ ಹೇಳುವವಳೇ? ಆದರೂ ಹೇಳುತ್ತಿದ್ದಳು. ಒಂದೋ ಎರಡೋ ತಿನಿಸು, ಚುಟುಕಾಗಿ ಕಾರಣ. ಹತ್ತು ಹೆಸರು ಕೊಟ್ಟರೆ ಕೇಳಿದವರು ಮತ್ತೆ ಮೆನು ಓದಿದಂತೆಯೇ ಆಯಿತಲ್ಲ ಎಂಬುದು ಅವಳ ವಾದ.

ಆ ಮಧ್ಯಾಹ್ನ ಫೋಟೋ ಕಳಿಸಿದವನು ಅವಳ ತಮ್ಮ. ಹುಟ್ಟಾ ಮೀನಮೇಷ ಎಣಿಸುವವನು, ಚಪ್ಪಲಿ ಕೊಳ್ಳುವುದಕ್ಕೂ ಜೊತೆಗೆ ಜನ ಬೇಕು. ಹೆಂಡತಿ ಬೇಸತ್ತು ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಕರೆದುಕೊಂಡು ಬರಲೋ ಬೇಡವೋ ಎಂದು ಇವನಿನ್ನೂ ಯೋಚಿಸುತ್ತಲೇ ಇದ್ದ.

ಫೋಟೋ ಸೊಟ್ಟಗಿತ್ತು. ಮಧ್ಯದ ಎರಡು ಸಾಲನ್ನು ದೀಪದ ಹೊಳಪು ನುಂಗಿತ್ತು, ಕಾರ್ಡಿನ ತಳ ಕತ್ತರಿಸಿಹೋಗಿತ್ತು. ಅಕ್ಕ ಉಣ್ಣುತ್ತಿದ್ದ ಬುತ್ತಿಯ ಡಬ್ಬಿ ಮುಚ್ಚಿಟ್ಟು ಚಿತ್ರ ಹಿಗ್ಗಿಸಿ ನೋಡಿದಳು. ಅರ್ಧ ಮೆನು ಬರೀ ಮೀನು, ಅಡುಗೆಯವನ ಕೈ ಪಳಗಿರುವುದು ಅದರಲ್ಲೇ ಇರಬೇಕು. ಹುರಿದದ್ದು ತಮ್ಮನ ಹೊಟ್ಟೆಗೆ ಆಗದು. ಒಲೆಯಲ್ಲಿ ಬೇಯಿಸಿದ ಇಡೀ ಮೀನು ಆದೀತು, ಆದರೆ ಅದರ ಪಕ್ಕ ಒಂದು ನಕ್ಷತ್ರದ ಗುರುತು. ನಕ್ಷತ್ರ ಹಾಕಿದ್ದಾರೆಂದರೆ ತಳದಲ್ಲಿ ಏನೋ ಬರೆದಿರುತ್ತಾರೆ. ಅದನ್ನು ಓದದೆ ಹೇಳುವ ಪೈಕಿಯಲ್ಲ ಅವಳು.

‘ಕೆಳಗಿನ ಸಾಲು ಕಾಣ್ತಿಲ್ಲ. ಪೂರ್ತಿ ಹೊಡೆದು ಕಳಿಸು.’

ಎರಡನೆಯ ಫೋಟೋ ಬಂತು. ತಳದಲ್ಲಿ ಸಣ್ಣಕ್ಷರ: ‘ಇಬ್ಬರಿಗೆ ಸಾಕಾಗುತ್ತದೆ. ಹೇಳಿದ ಮೇಲೆ ನಲವತ್ತು ನಿಮಿಷ ಬೇಕು.’ ಚಿತ್ರದ ಅಂಚಿನಲ್ಲಿ, ಮೇಜಿನ ಆಚೆ, ನೀಲಿ ತೋಳಿನ ಒಂದು ಮೊಣಕೈ. ತಮ್ಮನ ಹೆಂಡತಿಗೆಂದು ಆ ಸ್ವೆಟರನ್ನು ಹೆಣೆದವಳು ಅಕ್ಕನೇ.

ಅವಳಿಗೆ ಜೀವ ಬಂದಂತಾಯಿತು. ಇಬ್ಬರೂ ಎದುರುಬದುರು ಕೂತಿದ್ದಾರೆ. ನಲವತ್ತು ನಿಮಿಷ ಹಾಗೇ ಕೂರಿಸಿದರೆ ಈ ಮಾತು ಬಾರದ ಗಂಡಸೂ ಬಾಯಿ ಬಿಟ್ಟಾನು. ಯಾರಿಗೆ ಯಾವ ಊಟ ಒಗ್ಗೀತು ಎಂಬ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು.

‘ಇಡೀ ಮೀನು ಹೇಳು, ಜೊತೆಗೆ ಬ್ರೆಡ್ಡು. ಮೀನು ಅಲ್ಲಿ ಚೆನ್ನಾಗಿರುತ್ತೆ.’ ನಕ್ಷತ್ರದ ವಿಷಯ ಬರೆಯಲಿಲ್ಲ. ಅವನಾಗಿ ಓದುವವನೂ ಅಲ್ಲ.

‘ಸರಿ ಅಕ್ಕ, ಹೇಳಿದೆ,’ ಎಂದು ಉತ್ತರ ಬಂತು.

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ತಮ್ಮನದಲ್ಲ, ಅವನ ಹೆಂಡತಿಯದು.

“ಅಕ್ಕ, ಮೀನು ಹೇಳು ಅಂದಿದ್ದು ನೀವಾ?”

“ಹೂಂ ಕಣಮ್ಮ.”

“ನಾನು ಕೈ ತೊಳೆಯೋಕೆ ಅಂತ ಎದ್ದು ಬಂದಿದೀನಿ. ನಾನೇನು ತಗೊಳ್ಳಲಿ, ಹೇಳಿ.”

“ಎಷ್ಟು ಹೊತ್ತಿದೆ ನಿನಗೆ?”

“ಜಾಸ್ತಿ ಇಲ್ಲ. ಡ್ಯೂಟಿಗೆ ಹೋಗ್ಬೇಕು. ಏನೋ ಹೇಳ್ಬೇಕು ಬಾ ಅಂತ ಕರೆದ್ರು ಅಂತ ಬಂದೆ. ಬಂದಾಗಿಂದ ಮೆನು ನೋಡ್ತಾ ಕೂತಿದಾರೆ. ನಿಮಗೆ ಎರಡು ಸಲ ಫೋಟೋ ಕಳಿಸಿದ್ರು. ನಿನಗೇನು ಬೇಕು ಅಂತ ನನ್ನನ್ನ ಒಂದು ಸಲ ಕೇಳ್ಲಿಲ್ಲ.”

ಅಕ್ಕನ ಕಿವಿ ಬಿಸಿಯಾಯಿತು. ಕೇಳದೇ ಇದ್ದವನು ತಮ್ಮನೊಬ್ಬನೇ ಅಲ್ಲ. ನೀಲಿ ತೋಳು ಕಂಡೂ ‘ಅವಳಿಗೇನು ಬೇಕಂತೆ’ ಎಂದು ಇವಳೂ ಕೇಳಿರಲಿಲ್ಲ. ‘ಮೀನು ಈಗ ಬಂದುಬಿಡುತ್ತೆ, ಕೂತ್ಕೊ’ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದ್ದರೆ ಆ ಹುಡುಗಿ ಬಹುಶಃ ಕೂರುತ್ತಿದ್ದಳು.

“ಬೇಳೆ ಸೂಪ್ ತಗೋ,” ಎಂದಳು. “ಅದು ಕುದಿಸಿಟ್ಟಿರುತ್ತೆ, ಬೇಗ ತಂದುಕೊಡ್ತಾರೆ. ಮೀನಿಗೆ ನಲವತ್ತು ನಿಮಿಷ ಬೇಕು. ಕಾಯ್ಬೇಡ.”



“ಗೊತ್ತಿದ್ದೂ ಹೇಳಿದ್ರಾ ಅಕ್ಕ?”

“ಹೂಂ. ತಪ್ಪಾಯ್ತು.”

“ಇರ್ಲಿ ಬಿಡಿ,” ಎಂದು ಅವಳು ಫೋನಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅಕ್ಕನಿಗೆ ಹೆಚ್ಚು ನೋವು ಕೊಟ್ಟಿತು.

ಡಬ್ಬಿಯನ್ನು ಅಕ್ಕ ಮತ್ತೆ ತೆರೆಯಲಿಲ್ಲ. ಅವಳು ಎದ್ದು ಹೋಗಿ ಯಾವುದೋ ಮದುವೆಯ ಕಾರ್ಡಿನ ಅಕ್ಷರ ತಿದ್ದುತ್ತ ಕೂತಳು. ಕೊನೆಗೆ ತಮ್ಮನಿಂದ ಮತ್ತೊಂದು ಫೋಟೋ ಬಂತು. ಉದ್ದನೆಯ ತಟ್ಟೆಯಲ್ಲಿ ಇಡೀ ಮೀನು, ಇನ್ನೂ ಹಬೆಯಾಡುತ್ತಿದೆ. ಎದುರಿನ ಕುರ್ಚಿ ಹಿಂದಕ್ಕೆ ಸರಿದಿದೆ, ಅದರ ಮುಂದೆ ಬರಿದಾದ ಸೂಪಿನ ಬಟ್ಟಲು.

‘ಅಕ್ಕ, ಅವಳು ಹೋದ್ಲು. ಇದನ್ನ ಒಬ್ಬನೇ ಹೇಗೆ ತಿನ್ನಲಿ?’

ಅಕ್ಕ ‘ಅವಳಿಗೆ ಏನು ಬೇಕಂತೆ, ಕೇಳಿದೆಯಾ?’ ಎಂದು ಬರೆದು ಕಳಿಸಿದಳು.

‘ಇಲ್ಲ,’ ಎಂದು ಬಂತು. ಅದರ ಹಿಂದೆಯೇ ಇನ್ನೊಂದು: ‘ಮೀನು ಕಟ್ಟಿಸಿಕೊಂಡು ಅವಳ ಆಫೀಸಿನ ಹತ್ರ ಹೋಗಲಾ? ನೀನೇ ಹೇಳು.’

ಅಕ್ಕ ಫೋನನ್ನು ಬೋರಲು ಹಾಕಿ ಮದುವೆ ಕಾರ್ಡಿನ ಕಡೆ ತಿರುಗಿದಳು. ಅದು ಮತ್ತೆ ಮತ್ತೆ ಸದ್ದು ಮಾಡಿತು. ಅವಳು ಎತ್ತಲಿಲ್ಲ.