ಉಪ್ಪುನೀರಿಗೆ ಉಳಿದ ಒಂದೇ ಸ್ವಾತಂತ್ರ್ಯ

ಮದುವೆಯಾಗಿ ಧಾರವಾಡದಿಂದ ಸೂರತ್‌ಗೆ ಬಂದ ಮೇಲೆ ಬಹಳ ದಿನ ನಾನು ಮನೆಯಲ್ಲೇ ಇದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನ್ನವರು ಊರಾಚೆಯ ಗ್ಯಾಸ್ ಕಾರ್ಖಾನೆಯಲ್ಲಿ ಎಂಜಿನಿಯರ್. ನಾವು ಅಡಾಜಣ್‌ನ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿದ್ದೆವು. ಭೌತರಸಾಯನದಲ್ಲಿ ಎಂ.ಎಸ್ಸಿ. ಮಾಡಿದ್ದ ನನಗೆ ಪಾಠ ಹೇಳುವ ಆಸೆ, ಆದರೆ ಗುಜರಾತಿ ಬರದವಳನ್ನು ಯಾರು ಕರೆಯುತ್ತಾರೆ ಎಂದು ಅರ್ಜಿ ಹಾಕುವುದನ್ನೇ ಬಿಟ್ಟಿದ್ದೆ. ಒಂದು ದಿನ ನನ್ನವರೇ ಪೇಪರಿನ ತುಂಡೊಂದನ್ನು ಹರಿದು ತಂದರು. ತಾಪಿ ನದಿಯಾಚೆಯ ಒಂದು ಖಾಸಗಿ ಕಾಲೇಜಿಗೆ ಎಂ.ಎಸ್ಸಿ. ತರಗತಿಗಳಿಗೆ ಉಪನ್ಯಾಸಕರು ಬೇಕಾಗಿದ್ದರು, ಪಾಠ ಇಂಗ್ಲಿಷಿನಲ್ಲಿ. ಸಂದರ್ಶನದ ಬದಲು ಮಕ್ಕಳೆದುರಿಗೆ ಒಂದು ಪಾಠ ಮಾಡಿ ತೋರಿಸಬೇಕು, ವಿಷಯ ನಮ್ಮ ಆಯ್ಕೆ.

ನಾನು ಆರಿಸಿಕೊಂಡದ್ದು ಫೇಸ್ ರೂಲ್. ಎಲ್ಲರೂ ಅದನ್ನು ಸೂತ್ರ ಬರೆದು, ನಾಲ್ಕು ನಕ್ಷೆ ಎಳೆದು ಮುಗಿಸಿಬಿಡುತ್ತಾರೆ. ನನಗೋ ಅದರಷ್ಟು ಚೆಂದದ ಲೆಕ್ಕ ಇನ್ನೊಂದಿಲ್ಲ ಅನ್ನಿಸುತ್ತಿತ್ತು. ಒಂದು ಪಾತ್ರೆಯೊಳಗೆ ಏನೇನು ಪದಾರ್ಥಗಳಿವೆ, ಅವು ಎಷ್ಟು ರೂಪಗಳಲ್ಲಿ ಬೇರೆಬೇರೆಯಾಗಿ ಕೂತಿವೆ ಎಂದಷ್ಟೇ ಎಣಿಸಿದರೆ ಸಾಕು, ಆ ಪಾತ್ರೆಯಲ್ಲಿ ನಮ್ಮಿಷ್ಟಕ್ಕೆ ಬದಲಿಸಬಹುದಾದ ಸಂಗತಿಗಳೆಷ್ಟು ಎಂದು ತಿಳಿದುಬಿಡುತ್ತದೆ. ಪದಾರ್ಥಗಳಿಗೆ ಘಟಕ, ರೂಪಗಳಿಗೆ ಫೇಸ್, ಬದಲಿಸಬಹುದಾದ ಆ ಸಂಗತಿಗಳಿಗೆ ಸ್ವಾತಂತ್ರ್ಯ ಎಂದು ಹೆಸರು.

ಆಗ ಅತ್ತೆ ನಮ್ಮ ಜೊತೆಗಿದ್ದರು. ಅಡುಗೆಮನೆಯಲ್ಲಿ ಅವರನ್ನು ಕೂರಿಸಿಕೊಂಡು ಪಾಠ ಅಭ್ಯಾಸ ಮಾಡಿದೆ. ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನ ಐಸ್ ಹಾಕಿ, ಮೇಲೆ ಉಪ್ಪು ಸುರಿದು ಕಲಕಿದೆ. ಡಬ್ಬಿಯ ಹೊರಮೈಗೆ ಬಿಳಿ ಹಿಮ ಕಟ್ಟಿತು. ಅತ್ತೆ ಬೆರಳಿಂದ ಅದನ್ನು ಕೆರೆದು ನೋಡಿದರು.

"ಉಪ್ಪು ಹಾಕಿದ್ರ ಬರ್ಫ ಕರಗ್ಲಿಕ್ಕತ್ತದಲ್ಲವಾ. ಕರಗಿದ ಮ್ಯಾಲೆ ಬಿಸಿ ಆಗಬೇಕು. ಇದ್ಯಾಕ ಇನ್ನೂ ತಣ್ಣಗಾತು?"

"ಕರಗಲಿಕ್ಕೆ ಶಾಖ ಬೇಕಲ್ರಿ ಅತ್ತಿ. ಹೊರಗಿಂದ ಲಗೂನ ಸಿಗೂದಿಲ್ಲ. ಅದಕ್ಕ ತನ್ನ ಮೈಯಾಗಿನ ಶಾಖಾನ ತಗೊಂಡು ಕರಗ್ತದ, ಹಿಂಗಾಗಿ ತಣ್ಣಗಾಗ್ತದ."

"ಹಂಗ ಹೇಳು ಮತ್ತ. ನೀ ಸೂತ್ರ ಸೂತ್ರ ಅಂತಿದ್ದಿ, ನನಗ ಒಂದೂ ತಿಳೀಲಿಲ್ಲ. ಇದು ತಿಳೀತು ನೋಡು."

ನನ್ನವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಡಬ್ಬಿ ಒಯ್ದ ಬಿಡು," ಅಂದರು. "ಬೋರ್ಡಿನ ಮ್ಯಾಲೆ ಬರ್ಯೂದು ಎಲ್ಲಾರೂ ಬರೀತಾರ."

ಹಾಗೆ ನಾನು ಡಬ್ಬಿಯ ಬದಲು ಅಗಲ ಬಾಯಿಯ ಥರ್ಮಾಸಿನಲ್ಲಿ ಪುಡಿಮಾಡಿದ ಐಸ್ ತುಂಬಿಸಿಕೊಂಡು, ಅವರ ಸ್ಕೂಟರಿನ ಹಿಂದೆ ಕೂತು ಸೇತುವೆ ದಾಟಿ ಕಾಲೇಜಿಗೆ ಹೋದೆ.

ತರಗತಿಯಲ್ಲಿ ಇಪ್ಪತ್ತು ಮಂದಿಯಷ್ಟು ವಿದ್ಯಾರ್ಥಿಗಳು. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲ್ ಮೇಡಂ ಮತ್ತು ವಡೋದರಾದಿಂದ ಬಂದಿದ್ದ ಒಬ್ಬ ಹಿರಿಯ ಪ್ರಾಧ್ಯಾಪಕರು. ನಿವೃತ್ತರಾದವರು, ಬಿಳಿ ಅರ್ಧ ತೋಳಿನ ಶರಟು. ಅಭ್ಯರ್ಥಿಗಳನ್ನು ಪ್ರಶ್ನೆ ಕೇಳುವುದಕ್ಕೆಂದೇ ಅವರನ್ನು ಕರೆಸಿದ್ದರು. ನನಗಿಂತ ಮೊದಲು ಪಾಠ ಮಾಡಿದವನು ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದದ್ದನ್ನು ನೋಡಿದ್ದೆ.

ಪ್ರಯೋಗಾಲಯದಿಂದ ಶುದ್ಧ ಉಪ್ಪಿನ ಬಾಟಲಿ, ಸೊನ್ನೆಗಿಂತ ಕೆಳಗೂ ಗೀಟುಗಳಿದ್ದ ಥರ್ಮಾಮೀಟರ್ ಕೇಳಿ ಪಡೆದೆ. ಥರ್ಮಾಸಿಗೆ ಸ್ವಲ್ಪ ನೀರು, ಸ್ವಲ್ಪ ಉಪ್ಪು ಹಾಕಿ ಕಲಕುತ್ತ ಪಾಠ ಶುರು ಮಾಡಿದೆ. ಆ ದಿನ ಅಲ್ಲಿ ಎಲ್ಲರೂ ಆಡಿದ್ದು ಇಂಗ್ಲಿಷು, ಹಿಂದಿ ಬೆರಸಿದ ಮಾತು; ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ಇದರೊಳಗೆ ಉಪ್ಪುನೀರು ಒಂದು, ಮಂಜುಗಡ್ಡೆ ಎರಡು, ಮೇಲೆ ನೀರಾವಿ ಮೂರು. ಅಂದರೆ ಮೂರು ಫೇಸ್. ಘಟಕಗಳು ಎರಡು: ನೀರು ಮತ್ತು ಉಪ್ಪು. ಘಟಕಗಳಿಂದ ಫೇಸ್‌ಗಳನ್ನು ಕಳೆದು ಎರಡು ಕೂಡಿಸಿ. ಎರಡರಲ್ಲಿ ಮೂರು ಕಳೆದು ಎರಡು ಕೂಡಿಸಿದರೆ ಒಂದು. ಇದಕ್ಕಿರುವುದು ಒಂದೇ ಸ್ವಾತಂತ್ರ್ಯ."

ಹಿಂದಿನಿಂದ ಹಿರಿಯರ ದನಿ ಬಂತು. "ಒಂದು ನಿಮಿಷ. ಉಪ್ಪು ನೀರಿಗೆ ಬಿದ್ದರೆ ಸೋಡಿಯಂ, ಕ್ಲೋರೈಡ್ ಎಂದು ಎರಡಾಗಿ ಒಡೆಯುತ್ತದೆ. ನೀರೂ ಸೇರಿ ಮೂರು ಘಟಕ ಆಗಲಿಲ್ಲವೆ? ಆಗ ಸ್ವಾತಂತ್ರ್ಯ ಎರಡು."

ಅವರು ನನ್ನನ್ನು ಎಡವಿಸಲು ಕೇಳಿದರೋ, ಮಕ್ಕಳಿಗಾಗಿ ಕೇಳಿದರೋ ಮುಖ ನೋಡಿ ಹೇಳುವಂತಿರಲಿಲ್ಲ.

"ಕಣಗಳ ಬಗೆ ಮೂರು ಹೌದು ಸರ್," ಎಂದೆ. "ಆದರೆ ಸೋಡಿಯಂ ಎಷ್ಟಿದೆಯೋ ಕ್ಲೋರೈಡೂ ಅಷ್ಟೇ ಇರಬೇಕು. ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಿದಂತೆ. ಆ ಕಟ್ಟುಪಾಡಿಗೆ ಒಂದು ಕಳೆಯಬೇಕು. ಮತ್ತೆ ಎರಡೇ."

ಅವರು ತಲೆಯಾಡಿಸುವಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬ ಹುಡುಗಿ ಕೈಯೆತ್ತಿದಳು. ಎರಡು ಜಡೆ, ದಪ್ಪ ಕನ್ನಡಕ. "ಮೇಡಂ, ನೀರು ಕೂಡ ಸ್ವಲ್ಪ ಒಡೆದಿರುತ್ತದಲ್ಲ? ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಅಯಾನು. ಅವನ್ನೂ ಸೇರಿಸಿದರೆ ಐದು."

ಗೆಳತಿಯರು ಕಿಸಕ್ಕೆಂದರು. ನನಗೆ ಮಾತ್ರ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಚಾಕ್‌ಪೀಸನ್ನು ಅವಳ ಕೈಗೇ ಕೊಟ್ಟೆ.

"ಬಾ, ಐದನ್ನೂ ಬರಿ. ಈಗ ಒಂದೊಂದಾಗಿ ಕಳೆಯೋಣ. ನೀರಿಗೂ ಅದರ ಎರಡು ಚೂರುಗಳಿಗೂ ನಡುವೆ ಒಂದು ಸಮತೋಲ ಇದೆ, ಅದಕ್ಕೆ ಒಂದು. ಆ ಎರಡು ಚೂರುಗಳೂ ನೀರಿನಿಂದಲೇ ಹುಟ್ಟಿದ್ದರಿಂದ ಸಮಸಮ, ಅದಕ್ಕೆ ಒಂದು. ಸೋಡಿಯಂ, ಕ್ಲೋರೈಡ್ ಸಮಸಮ, ಅದಕ್ಕೊಂದು. ಐದರಲ್ಲಿ ಮೂರು ಹೋದರೆ?"

"ಎರಡು," ಎಂದಳು ಅವಳು. ಬೋರ್ಡಿನ ಮುಂದೆ ನಿಂತೇ ನಕ್ಕಳು. "ಎಷ್ಟು ಸುತ್ತಿ ಬಂದರೂ ಎರಡೇ."

ಹಿರಿಯರು ಎದ್ದು ನಿಂತರು. "ಸರಿ, ಎಣಿಕೆ ಸರಿಯಾಗಿದೆ. ಆದರೆ ಥರ್ಮಾಸಿನ ಮುಚ್ಚಳ ತೆರೆದಿದೆಯಲ್ಲ. ಗಾಳಿ?"

ಅದನ್ನು ನಾನು ಮನೆಯಲ್ಲಿ ಯೋಚಿಸಿರಲಿಲ್ಲ. ಬೋರ್ಡಿನ ಕಡೆ ತಿರುಗಿ ಮತ್ತೆ ಎಣಿಸಿದೆ.

"ಗಾಳಿಯನ್ನು ಒಂದು ಘಟಕ ಎಂದಿಟ್ಟುಕೊಂಡರೆ ಘಟಕ ಮೂರಾಗುತ್ತದೆ. ಅದು ಆವಿಯ ಜೊತೆ ಬೆರೆತೇ ಇರುವುದರಿಂದ ಫೇಸ್ ಮೂರೇ. ಸ್ವಾತಂತ್ರ್ಯ ಎರಡು. ಆದರೆ ಅದರಲ್ಲಿ ಒಂದನ್ನು ಈ ಕೋಣೆಯ ಗಾಳಿಯ ಒತ್ತಡ ಆಗಲೇ ಬಳಸಿಕೊಂಡಿದೆ. ನಮಗೆ ಉಳಿದದ್ದು ಮತ್ತೆ ಒಂದು."

"ಆ ಒಂದು ಅಂದರೆ ಏನು? ಕಾಗದದ ಮೇಲೆ ಬೇಡ. ತೋರಿಸಿ."

ನಾನು ಕಾಯುತ್ತಿದ್ದದ್ದು ಇದಕ್ಕೇ.

"ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ," ಎಂದೆ. "ನೀವು ಯಾರಾದರೂ ಇದಕ್ಕೆ ಇನ್ನಷ್ಟು ಉಪ್ಪು ಹಾಕಿ. ಎಷ್ಟು ಎಂದು ನನಗೆ ಹೇಳಬೇಡಿ, ನೀವೂ ತೂಗಬೇಡಿ. ಉಪ್ಪೆಲ್ಲ ಕರಗುವವರೆಗೆ ಕಲಕಿ. ಐಸ್ ಮಾತ್ರ ಉಳಿದಿರಬೇಕು."

ಗೋಡೆ ನೋಡುತ್ತ ನಿಂತೆ. ಬೆನ್ನ ಹಿಂದೆ ಗಲಾಟೆ. ಸಾಕು ಎಂದೊಬ್ಬರು, ಇನ್ನೂ ಹಾಕು ಎಂದೊಬ್ಬರು. ಕೊನೆಗೆ ಎರಡು ಜಡೆಯ ಹುಡುಗಿ ಆಯಿತು ಮೇಡಂ ಎಂದಳು. ತಿರುಗಿ, ಥರ್ಮಾಮೀಟರ್ ಇಟ್ಟು ಕಲಕುತ್ತ ಕಾದೆ. ಕೆಂಪು ಗೆರೆ ಇಳಿದು ಇಳಿದು ಮೈನಸ್ ಹನ್ನೊಂದರ ಹತ್ತಿರ ನಿಂತಿತು.

ಉಪ್ಪುನೀರು ಎಷ್ಟು ಗಟ್ಟಿಯಾಗಿದ್ದರೆ ಎಷ್ಟು ಡಿಗ್ರಿಗೆ ಮಂಜುಗಡ್ಡೆಯೊಡನೆ ನಿಲ್ಲುತ್ತದೆ ಎಂಬ ಕೋಷ್ಟಕ ವಿದ್ಯಾರ್ಥಿಗಳ ಪುಸ್ತಕದಲ್ಲೇ ಇತ್ತು. ಹುಡುಗಿಯಿಂದ ಅದನ್ನು ಗಟ್ಟಿಯಾಗಿ ಓದಿಸಿದೆ. ಆಮೇಲೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ನೂರು ಗ್ರಾಂ ಉಪ್ಪುನೀರಿನಲ್ಲಿ ಹದಿನೈದು ಗ್ರಾಂ ಉಪ್ಪು.

"ನೀವು ಎಷ್ಟು ಉಪ್ಪು ಹಾಕಿದಿರಿ ಎಂದು ನನಗೆ ಗೊತ್ತಿಲ್ಲ. ಎಷ್ಟು ಐಸ್ ಕರಗಿತು ಎಂದೂ ಗೊತ್ತಿಲ್ಲ. ಬೇಕಾಗಿಯೂ ಇಲ್ಲ. ಇದಕ್ಕಿರುವ ಒಂದೇ ಸ್ವಾತಂತ್ರ್ಯ ಉಷ್ಣತೆಯಲ್ಲಿ ಖರ್ಚಾಗಿಹೋಗಿದೆ. ಇನ್ನು ನೀರಿನ ಉಪ್ಪು ಇಷ್ಟೇ ಇರಬೇಕು, ಅದರ ಮೇಲಿನ ಆವಿಯ ಒತ್ತಡವೂ ಇಷ್ಟೇ ಇರಬೇಕು. ನಂಬಬೇಡಿ. ಆವಿಯದು ಇಲ್ಲಿ ಅಳೆಯಲಾಗದು, ಉಪ್ಪನ್ನು ತೂಗಿ ನೋಡೋಣ."

ನನಗೆ ಕೊಟ್ಟ ಸಮಯ ಮುಗಿದಿತ್ತು. ಪ್ರಿನ್ಸಿಪಾಲ್ ಮೇಡಂ ಗಡಿಯಾರ ನೋಡಿ, ಹಿರಿಯರ ಮುಖ ನೋಡಿ, "ಲ್ಯಾಬಿಗೇ ನಡೆಯಿರಿ," ಎಂದರು. ಇಡೀ ತರಗತಿ ಎದ್ದು ಹೊರಟಿತು. ಪಾಠಕ್ಕೆ ಕಾದು ಕೂತಿದ್ದ ಉಳಿದ ಅಭ್ಯರ್ಥಿಗಳೂ ಏನೆಂದು ನೋಡಲು ಬಂದರು.

ಐಸಿನ ಚೂರು ಬಾರದಂತೆ ಪಿಪೆಟ್ಟಿನ ತುದಿಗೆ ಹತ್ತಿ ಸುತ್ತಿ ಉಪ್ಪುನೀರು ಎಳೆದೆವು. ಐಸಿನಲ್ಲಿ ಉಪ್ಪಿರುವುದಿಲ್ಲ, ಅದು ಸೇರಿದರೆ ಲೆಕ್ಕ ಕೆಡುತ್ತದೆ. ತೂಗಿಟ್ಟ ಪಿಂಗಾಣಿ ಬಟ್ಟಲಿಗೆ ಹತ್ತು ಗ್ರಾಂ ಬಿಟ್ಟು, ಮರಳಿನ ಮೇಲೆ ಇಟ್ಟು, ಸಿಡಿಯದಂತೆ ಗಾಜು ಮುಚ್ಚಿ ಸಣ್ಣ ಉರಿ ಹಚ್ಚಿದೆವು. ನೀರು ಆರುವವರೆಗೆ ಎಲ್ಲರಿಗೂ ಚಹಾ ಬಂತು. ಹಿರಿಯರು ತಟ್ಟೆಗೆ ಬಗ್ಗಿಸಿಕೊಂಡು ಕುಡಿಯುತ್ತ ನನ್ನ ಪಕ್ಕ ಬಂದು ನಿಂತರು.

"ಧಾರವಾಡ ಅಂದಿರಲ್ಲ. ಅಲ್ಲಿ ಪೇಡೆ ಚೆನ್ನಾಗಿರುತ್ತದೆ."

"ಹೌದು ಸರ್."

"ಉಪ್ಪಿನ ತೂಕ ತಾಳೆಯಾಗದಿದ್ದರೆ ಏನು ಮಾಡುತ್ತೀರಿ?"

"ಎಲ್ಲಿ ತಪ್ಪಿತು ಎಂದು ಇವರ ಜೊತೆ ಕೂತು ಹುಡುಕುತ್ತೇನೆ ಸರ್. ಅದೂ ಪಾಠವೇ."

ಅವರು ತಟ್ಟೆಗೆ ಇನ್ನಷ್ಟು ಚಹಾ ಬಗ್ಗಿಸಿಕೊಂಡರು.

ಬಟ್ಟಲಿನಲ್ಲಿ ಉಪ್ಪು ಚಟಪಟ ಎಂದು, ಆಮೇಲೆ ಸುಮ್ಮನಾಯಿತು. ಆರಿಸಿ, ತಕ್ಕಡಿಯಲ್ಲಿಟ್ಟರು. ತೂಕ ಓದುವ ಹಕ್ಕು ತನ್ನದೇ ಎಂಬಂತೆ ಎರಡು ಜಡೆಯ ಹುಡುಗಿ ಮುಂದೆ ಬಗ್ಗಿದಳು. ಬಟ್ಟಲಿನ ತೂಕ ಕಳೆದು, ತುಟಿಯಲ್ಲೇ ಎಣಿಸಿ, ತಿರುಗಿದಳು.

"ಒಂದೂವರೆ ಗ್ರಾಂಗಿಂತ ಕೂದಲೆಳೆ ಕಡಿಮೆ ಮೇಡಂ."

ಹತ್ತು ಗ್ರಾಂನಲ್ಲಿ ಒಂದೂವರೆ, ನೂರರಲ್ಲಿ ಹದಿನೈದು. ಹುಡುಗರು ಬೆಂಚು ಬಡಿದರು. ನನ್ನ ಜೊತೆ ಸ್ಪರ್ಧೆಗೆ ಬಂದಿದ್ದ ಒಬ್ಬ ಅಭ್ಯರ್ಥಿಯೂ ಚಪ್ಪಾಳೆ ತಟ್ಟಿದ. ಅದು ಇವತ್ತಿಗೂ ನನಗೆ ಇಷ್ಟವಾದ ನೆನಪು. ಹಿರಿಯರು ಬಟ್ಟಲಿನಿಂದ ಒಂದು ಹರಳು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. "ನಾನು ಮೂವತ್ತು ವರ್ಷ ಇದನ್ನು ಬೋರ್ಡಿನ ಮೇಲೆ ಮಾಡಿದೆ," ಎಂದು ಪ್ರಿನ್ಸಿಪಾಲರಿಗೆ ಗುಜರಾತಿಯಲ್ಲಿ ಹೇಳಿದರು. ಅಷ್ಟು ಗುಜರಾತಿ ನನಗೆ ಅರ್ಥವಾಗುತ್ತಿತ್ತು.

ಕೆಲಸ ನನಗೇ ಎಂದು ಅವತ್ತೇ ಹೇಳಿದರು. ನನ್ನವರು ಗೇಟಿನ ಬಳಿ ಸ್ಕೂಟರಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಅರ್ಧ ದಿನ ರಜೆ ಹಾಕಿ ಅಲ್ಲೇ ಕಾದಿದ್ದರೆಂದು ಆಗ ಗೊತ್ತಾಯಿತು.

"ಏನಾತು?"

"ಸೋಮವಾರದಿಂದ ಬಾ ಅಂದ್ರು ರೀ."

ಅವರು ಕೈಯಲ್ಲಿದ್ದ ಕಡಲೆಕಾಯಿಯನ್ನೆಲ್ಲ ನನ್ನ ಸೆರಗಿಗೆ ಸುರಿದು ಗಾಡಿ ಶುರು ಮಾಡಿದರು. ದಾರಿಯಲ್ಲಿ ಎಸ್‌ಟಿಡಿ ಬೂತಿನಲ್ಲಿ ನಿಲ್ಲಿಸಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕೆಲಸದ ಸುದ್ದಿಯನ್ನೂ ಪಾಠದ ಕಥೆಯನ್ನೂ ಒಂದೇ ಉಸಿರಿಗೆ ಹೇಳಿದೆ. ಎಲ್ಲ ಕೇಳಿ, "ಐದರಾಗ ಮೂರು ಹೆಂಗ ಕಳದಿ, ಇನ್ನೊಮ್ಮೆ ಹೇಳು," ಎಂದರು. ಬೂತಿನ ಮೀಟರ್ ಓಡುತ್ತಿತ್ತು. ನಾನು ಮೊದಲಿಂದ ಹೇಳತೊಡಗಿದೆ. ಹೊರಗೆ ನನ್ನವರು ಗಾಜಿಗೆ ಮುಖ ತಂದು ನಗುತ್ತ, ಹೇಳು ಹೇಳು ಎಂದು ಕೈ ಆಡಿಸುತ್ತಿದ್ದರು.