ನಾಲ್ಕು ಮಡಿಕೆಯ ಬಟ್ಟೆ

ಮಾಲೂರಿನ ನಮ್ಮ ಮನೆಗೆ ಹೊಲಿಗೆ ಮಿಷಿನ್ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಅದಕ್ಕೂ ಮೊದಲು ವರ್ಷಕ್ಕೆ ಏಳೆಂಟು ತಿಂಗಳು ಒಂದು ಬಾಡಿಗೆ ಮಿಷಿನ್ ಇರುತ್ತಿತ್ತು. ಪೇಟೆಯ ದರ್ಜಿ ಸಾಹೇಬರು ಕೆಲಸ ಕಡಿಮೆಯಿದ್ದಾಗ ತಮ್ಮ ಎರಡನೆಯ ಮಿಷಿನ್ನನ್ನು ಅಮ್ಮನಿಗೆ ಕೊಡುತ್ತಿದ್ದರು. ಹಬ್ಬಕ್ಕೆ ಮುಂಚೆ ವಾಪಸ್ಸು ಕೊಡಬೇಕು, ಅದು ಕರಾರು. ಬೀದಿಯ ಹೆಂಗಸರೆಲ್ಲ ರವಿಕೆ ಬಟ್ಟೆ ತಂದು ಸುರಿಯುತ್ತಿದ್ದದ್ದೂ ಆಗಲೇ. ಅಮ್ಮ ಕತ್ತರಿಸಿಟ್ಟ ತೋಳು, ಬೆನ್ನುಗಳ ರಾಶಿಯ ಮುಂದೆ ಕೂತು ಕೈಸೂಜಿಯಲ್ಲೇ ಹೊಲಿಯುತ್ತಿದ್ದಳು.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಹೇಳುತ್ತಿದ್ದರು, "ಬಾಡಿಗೆಗೆ ಸಿಗ್ತಿರೋದನ್ನ ಯಾಕೆ ಕೊಂಡ್ಕೋಬೇಕು? ಕೆಟ್ರೆ ಸಾಬ್ರೇ ರಿಪೇರಿ ಮಾಡ್ಕೋತಾರೆ."

"ಆ ಮಿಷಿನ್ ಹಬ್ಬ ಬಂತು ಅಂದ್ರೆ ತವರಿಗೆ ಹೊರಟುಬಿಡುತ್ತೆ," ಅಂದಳು ಅಮ್ಮ. "ನಾನೇ ಹೋಗಿಲ್ಲ ಈ ವರ್ಷ."

ಅಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ: ದೀಪಾವಳಿಗೂ ಮನೆಯಲ್ಲೇ ಉಳಿಯುವ ಮಿಷಿನ್ನು. ಹೊಸದನ್ನು ಮಿಷಿನ್ ಕಂಪನಿಯ ಏಜೆಂಟ್ ಕಂತಿನಲ್ಲಿ ಕೊಡುತ್ತೇನೆಂದಿದ್ದ. ಆದರೆ ಮಾಲು ಹಡಗಿನಲ್ಲಿ ಬರಬೇಕಿತ್ತು, ಯುದ್ಧದಿಂದಾಗಿ ಹಡಗೇ ಬರುತ್ತಿರಲಿಲ್ಲ.

ಆ ರಜೆಯಲ್ಲಿ ಕಾನ್ವೆಂಟಿನಿಂದ ಬಂದ ನಾನೇ ಸುದ್ದಿ ತಂದೆ. ಕೋಲಾರದಲ್ಲಿ ಒಬ್ಬ ದೊರೆಸಾನಿ ಊರು ಬಿಟ್ಟು ಹೊರಟಿದ್ದಾರೆ, ಕೈಯಲ್ಲಿ ತಿರುಗಿಸುವ ಮಿಷಿನ್ ಮಾರುತ್ತಾರೆ ಎಂದು ನಮ್ಮ ಮಿಸ್ ಹೇಳಿದ್ದರು. ಅಮ್ಮ ಹೊಲಿಗೆಯಲ್ಲಿ ಕೂಡಿಟ್ಟದ್ದನ್ನೆಲ್ಲ ಸೆರಗಿನ ತುದಿಗೆ ಕಟ್ಟಿಕೊಂಡಳು. ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹೊರಟೆವು. ಏರು ಬಂದಾಗಲೆಲ್ಲ ಇಳಿದು ನಡೆಯಬೇಕು. ನನಗೆ ಆ ನಡಿಗೆಯೂ ಪಿಕ್‌ನಿಕ್ಕಿನಂತಿತ್ತು.

ಬಂಗಲೆಯ ವರಾಂಡದಲ್ಲಿ ಟೇಬಲ್ಲಿನ ಮೇಲೆ ಮಿಷಿನ್ ಇತ್ತು. ಕಪ್ಪು ಮೈ, ಅದರ ಮೇಲೆ ಚಿನ್ನದ ಬಳ್ಳಿ. ದೊರೆಸಾನಿ ತಾವೇ ಒಂದು ಮಸ್ಲಿನ್ ತುಂಡು ಹಾಕಿ ಹಿಡಿ ತಿರುಗಿಸಿದರು. ಹೊಲಿಗೆ ಮುತ್ತು ಪೋಣಿಸಿದಂತೆ ಬಂತು. ಆಮೇಲೆ ಕೆಳಗಿನ ತಗಡನ್ನು ಸರಿಸಿ, ಕೆಳಗಿನ ದಾರ ಒಯ್ಯುವ ಪುಟ್ಟ ದೋಣಿಯಂಥ ಶಟಲನ್ನು ತೋರಿಸಿ, ಇಂಗ್ಲಿಷಿನಲ್ಲಿ ನನಗೆ ಹೇಳಿದರು: ಇದರ ಮೂಗು ಸವೆದಿದೆ, ದಪ್ಪ ಬಟ್ಟೆಯಲ್ಲಿ ಹೊಲಿಗೆ ತಪ್ಪಿಸುತ್ತದೆ, ಇಷ್ಟು ಹಳೆಯ ಮಾಡೆಲ್ಲಿಗೆ ಬೇರೆ ಶಟಲ್ ಸಿಗಲಿಕ್ಕಿಲ್ಲ. ನಿನ್ನ ತಾಯಿಗೆ ತಿಳಿಸು, ಪ್ಲೀಸ್, ಎಂದರು.

"ಏನಂತೆ?" ಅಮ್ಮ ಕೇಳಿದಳು.

"ಎಣ್ಣೆ ಹಾಕ್ತಾ ಇರಬೇಕಂತೆ," ಅಂದೆ.

ಯಾಕೆ ಹಾಗಂದೆ? ಆ ಚಿನ್ನದ ಬಳ್ಳಿ ನಮ್ಮ ಕಿಟಕಿಯ ಪಕ್ಕದಲ್ಲಿ ಇರಬೇಕು ಅನ್ನಿಸಿತ್ತು. ಬರಿಗೈಯಲ್ಲಿ ಮತ್ತೆ ಆ ಬಸ್ಸು ಹತ್ತುವ ಅಮ್ಮನ ಮುಖ ನೋಡಲು ಧೈರ್ಯವಿರಲಿಲ್ಲ.

ಅಮ್ಮನಿಗೆ ಒಂದು ಪದ್ಧತಿಯಿತ್ತು. ಬಾಡಿಗೆ ಮಿಷಿನ್ ತರುವಾಗಲೂ ಸಾಹೇಬರ ಎದುರಿಗೇ ಒಂದು ಒರಟು ಚಿಂದಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದು ನೋಡುತ್ತಿದ್ದಳು. ರವಿಕೆಯ ಕೆಳಗಿನ ಪಟ್ಟಿ ಅಷ್ಟು ದಪ್ಪ ಬರುತ್ತದೆ. ಅವತ್ತೂ ಚೀಲಕ್ಕೆ ಕೈ ಹಾಕಿದಳು. ಹಳೆಯ ಹಾಸಿಗೆ ಚೀಲದ ಮಾಸಲು ತುಂಡು ಇಣುಕಿತು.

"ಅಮ್ಮ, ಬೇಡ. ಅದನ್ನ ತೆಗೀಬೇಡ. ಅವರೇನು ಅಂದ್ಕೋತಾರೆ?" ಅಂದೆ.

ಅಮ್ಮ ನನ್ನನ್ನು ನೋಡಿದಳು. ಮಿಷಿನ್ನನ್ನು ನೋಡಿದಳು. ತುಂಡನ್ನು ಚೀಲದೊಳಕ್ಕೆ ತಳ್ಳಿ ಸೆರಗಿನ ಗಂಟು ಬಿಚ್ಚಿದಳು.

ವಾಪಸ್ಸು ಬಸ್ಸಿನಲ್ಲಿ ಮಿಷಿನ್ನಿನ ಮರದ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಮರುದಿನ ತೋಳು, ಬೆನ್ನು ಎಲ್ಲ ಚೆನ್ನಾಗಿ ಬಂದವು. ಪಟ್ಟಿಗೆ ಬಂದಾಗ ಮೂರು ಹೊಲಿಗೆ ಬಿದ್ದರೆ ನಾಲ್ಕನೆಯದು ಮಾಯ. ಸೂಜಿ ಬದಲಾಯಿಸಿದಳು, ದಾರ ಸಡಿಲಿಸಿದಳು. ಕೊನೆಗೆ ಸಾಹೇಬರನ್ನು ಕರೆಸಿದಳು.

ಅವರು ಶಟಲನ್ನು ಉಗುರಿನ ಮೇಲೆ ಉಜ್ಜಿ ನೋಡಿದರು. "ದೋಣಿ ಮೂಗೇ ಹೋಗಿದೆಯಲ್ಲಮ್ಮ. ಸೂಜಿ ದಾರದ ಕುಣಿಕೆಯೊಳಗೆ ಹೇಗೆ ತೂರುತ್ತೆ? ನನ್ ಅಂಗಡೀಲಿ ನಾಲ್ಕು ಮಡಿಕೆ ಹಾಕಿ ನನ್ ಪ್ರಾಣ ತಿಂತಿದ್ರಿ. ದೊರೆಸಾನಿ ಹತ್ರ ಏನಾಯ್ತು?"

"ಅಲ್ಲಿ ಕಾಫಿ ಕೊಟ್ರು ಸಾಬ್ರೇ, ನೀವು ಯಾವತ್ತಾದ್ರೂ ಕೊಟ್ಟಿದ್ದೀರಾ?" ಅಂದಳು ಅಮ್ಮ. ಅವರು ನಕ್ಕು ಹೋದರು.

ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಚಿನ್ನದ ಬಳ್ಳಿಯ ಮೇಲಿದ್ದ ಎಣ್ಣೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ತೆಗೀಬೇಡ ಅಂದಿದ್ದು ನೀನು. ತೆಗೀದೆ ಇದ್ದೋಳು ನಾನು," ಅಂದಳು. "ನಂಗೂ ಈ ಮಿಷಿನ್ನ ಬಿಟ್ಟು ಬರೋಕೆ ಮನಸ್ಸಿರಲಿಲ್ಲ ಕಣೇ."

ಆ ದೀಪಾವಳಿಗೆ ಮಿಷಿನ್ ತವರಿಗೆ ಹೋಗಲಿಲ್ಲ. ರವಿಕೆಯ ಮೈಯನ್ನು ಅದು ಹೊಲಿಯುತ್ತಿತ್ತು, ಪಟ್ಟಿಯನ್ನು ಅಮ್ಮ ಕೈಯಲ್ಲಿ ಹೊಲಿಯುತ್ತಿದ್ದಳು. ಮುಂದಿನ ವರ್ಷಗಳಲ್ಲೂ ಹಾಗೆಯೇ. ನನ್ನ ಟ್ರಂಕಿನಲ್ಲಿ ಅವಳು ಹೊಲಿದ ರವಿಕೆ ಒಂದೇ ಒಂದು ಉಳಿದಿದೆ, ಈಗ ಯಾರ ಮೈಗೂ ಆಗದ್ದು. ಮಿಷಿನ್ ಹಾಕಿದ ಹೊಲಿಗೆಯೆಲ್ಲ ಅಲ್ಲಲ್ಲಿ ಬಿಟ್ಟಿದೆ. ಕೆಳಗಿನ ಪಟ್ಟಿ ಇನ್ನೂ ಗಟ್ಟಿಯಾಗಿದೆ. ಅದರ ಮೇಲೆ ಬೆರಳಾಡಿಸಿದರೆ ಅಮ್ಮನ ಒಂದೊಂದು ಹೊಲಿಗೆಯೂ ಕೈಗೆ ಸಿಗುತ್ತದೆ.